‘ಅಲ್ಲ’ ಅನ್ನುವುದೂ ಸುಲಭವಲ್ಲ

ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಒಂದು ಚಿಕ್ಕ ಕಥೆ ಬರುತ್ತದೆ. ಒಬ್ಬಾತ ಧರ್ಮಗುರು ರಬ್ಬಿ ಹನೀನಾ ಅವರ ಎದುರು ಎಲ್ಲರ ಪರವಾಗಿ ಪ್ರಾರ್ಥನೆ ಮಾಡಲು ನಿಂತ. ದೇವರನ್ನು ಕರೆಯುತ್ತಾ ಹುರುಪು ಬಂತು. ಮಹಾನ್, ಬಲಶಾಲಿ, ಭಯಂಕರ, ವೈಭವಶಾಲಿ, ಶಕ್ತ, ಗೌರವಾನ್ವಿತ... ಹೀಗೆ ಹೊಗಳಿಕೆ ಬೆಳೆಯುತ್ತಲೇ ಹೋಯಿತು. ಹನೀನಾ ನಡುವೆ ಬಾಯಿ ಹಾಕಲಿಲ್ಲ. ಮುಗಿಯುವವರೆಗೆ ಕಾದರು. ಆಮೇಲೆ ಕೇಳಿದರು: "ನಿನ್ನ ಒಡೆಯನ ಹೊಗಳಿಕೆ ಎಲ್ಲಾ ಮುಗಿಯಿತಾ?"

ಮೊದಲ ಮೂರು ಮಾತುಗಳನ್ನು ಪ್ರವಾದಿ ಮೋಶೆ ಹೇಳದೇ ಇದ್ದಿದ್ದರೆ, ಹಿಂದಿನ ಹಿರಿಯರು ಅವನ್ನು ಪ್ರಾರ್ಥನೆಗೆ ಸೇರಿಸದೇ ಇದ್ದಿದ್ದರೆ, ಅವನ್ನೂ ಹೇಳುವ ಧೈರ್ಯ ನಮಗಿರುತ್ತಿರಲಿಲ್ಲ, ನೀನು ನೋಡಿದರೆ ಇಷ್ಟೆಲ್ಲಾ ಹೇಳಿಬಿಟ್ಟೆಯಲ್ಲ ಎಂದರು. ಜೊತೆಗೆ ಒಂದು ಉದಾಹರಣೆಯನ್ನೂ ಕೊಟ್ಟರು. ಒಬ್ಬ ರಾಜನ ಬಳಿ ಲಕ್ಷಾಂತರ ಚಿನ್ನದ ನಾಣ್ಯಗಳಿವೆ. ಜನ ಬಂದು, "ನಿಮ್ಮ ಬಳಿ ಬೆಳ್ಳಿ ನಾಣ್ಯಗಳಿವೆಯಂತೆ" ಎಂದು ಹೊಗಳುತ್ತಾರೆ. ಅದು ಅವನಿಗೆ ಅವಮಾನ ಅಲ್ಲವೇ?

ಈ ಕಥೆಯನ್ನು ಬಹುಕಾಲದ ನಂತರ ಮೈಮೊನಿಡೀಸ್ ಎತ್ತಿಕೊಂಡ. ಸ್ಪೇನಿನ ಕೊರ್ಡೊಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯನಾಗಿ ಬಾಳಿ, 1204ರಲ್ಲಿ ತೀರಿಕೊಂಡ ಯಹೂದಿ ಪಂಡಿತ ಅವನು. ಗೊಂದಲಕ್ಕೆ ಬಿದ್ದ ಓದುಗರಿಗಾಗಿ ಸುಮಾರು 1190ರಲ್ಲಿ ಅರಬ್ಬಿಯಲ್ಲಿ ಬರೆದು ಮುಗಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಅವನು ಈ ಉದಾಹರಣೆಯ ಒಂದು ಸೂಕ್ಷ್ಮವನ್ನು ತೋರಿಸುತ್ತಾನೆ. ಗಮನಿಸಿ, ಲಕ್ಷ ಚಿನ್ನದ ನಾಣ್ಯ ಇರುವವನಿಗೆ ನೂರು ಚಿನ್ನದ ನಾಣ್ಯ ಇದೆ ಎಂದು ಹೊಗಳಿದರು ಎಂದು ಹನೀನಾ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಮ್ಮ ಹೊಗಳಿಕೆ ಕಡಿಮೆಯಾಯಿತು ಅಂತ ಮಾತ್ರ ಅರ್ಥವಾಗುತ್ತಿತ್ತು, ಇನ್ನಷ್ಟು ಹೊಗಳಿದರೆ ಸರಿಹೋಗುತ್ತಿತ್ತು. ಅವರು ಹೇಳಿದ್ದು ಬೆಳ್ಳಿ ಎಂದು. ಅಂದರೆ ನಾವು ಒಳ್ಳೆಯದು ಎಂದುಕೊಳ್ಳುವ ಗುಣಗಳ ಜಾತಿಯದ್ದು ಯಾವುದೂ ಆ ಖಜಾನೆಯಲ್ಲಿ ಇಲ್ಲವೇ ಇಲ್ಲ.

ದೇವರ ಬಗ್ಗೆ ‘ಇದಲ್ಲ, ಅದಲ್ಲ’ ಎಂದಷ್ಟೇ ಮಾತಾಡುವ ದಾರಿ ಬಹಳ ಧರ್ಮಗಳಲ್ಲಿದೆ. ನಿರಾಕರಣೆಯ ದಾರಿ ಎನ್ನೋಣ. ಇದರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ದೇವರು ಮಾತಿಗೆ ಮೀರಿದವನು, ಆದ್ದರಿಂದ ಸುಮ್ಮನಿರುವುದೇ ಸರಿ. ಅದು ತಪ್ಪಲ್ಲ. ಆದರೆ ಈ ದಾರಿಯಲ್ಲಿ ನಿಜವಾಗಿ ನಡೆದವರು ಅಷ್ಟು ಬೇಗ ಸುಮ್ಮನಾದವರಲ್ಲ. ‘ಅಲ್ಲ’ ಎನ್ನುವ ಮಾತನ್ನೇ ಅವರು ಅನುಮಾನದಿಂದ ನೋಡಿದರು. ಯಾವುದನ್ನು ಮೊದಲು ಅಲ್ಲ ಎನ್ನಬೇಕು, ಎಂಥ ಅಲ್ಲ ಎನ್ನಬೇಕು, ಅಲ್ಲ ಎಂದ ಮೇಲೆ ಆ ಅಲ್ಲವನ್ನು ಏನು ಮಾಡಬೇಕು ಎಂದು ತಲೆಕೆಡಿಸಿಕೊಂಡರು. ನನಗೆ ಇಷ್ಟವಾಗುವುದು ಆ ತಲೆಬಿಸಿಯೇ.

ಮೈಮೊನಿಡೀಸ್‌ನ ಲೆಕ್ಕ ಹೀಗಿದೆ. ದೇವರು ಒಬ್ಬನೇ ಎಂದು ನಂಬುತ್ತೀರಿ. ಅವನಿಗೆ ಜ್ಞಾನ ಇದೆ, ಶಕ್ತಿ ಇದೆ, ಜೀವ ಇದೆ ಎನ್ನುತ್ತೀರಿ. ಆ ಜ್ಞಾನ, ಶಕ್ತಿ, ಜೀವ ಅವನಿಗೆ ಅಂಟಿಕೊಂಡ ಬೇರೆ ಬೇರೆ ಸಂಗತಿಗಳಾದರೆ ಒಬ್ಬ ಇದ್ದವನು ಹಲವಾದ. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಗುಂಪು. ಹಾಗಾದರೆ ಧರ್ಮಗ್ರಂಥದಲ್ಲಿ ಇರುವ ಗುಣಗಳನ್ನು ಏನು ಮಾಡುವುದು? ಅವನ್ನು ಎರಡು ಪಾಲು ಮಾಡುತ್ತಾನೆ. ಕೆಲವು ದೇವರ ಕೆಲಸವನ್ನು ಹೇಳುತ್ತವೆ, ದೇವರನ್ನಲ್ಲ. ಗರ್ಭದಲ್ಲಿರುವ ಶಿಶು ಹೇಗೆ ಬೆಳೆಯುತ್ತದೆ, ಹೇಗೆ ಕಾಪಾಡಲ್ಪಡುತ್ತದೆ ನೋಡಿ. ಒಬ್ಬ ಮನುಷ್ಯ ಹಾಗೆ ನೋಡಿಕೊಂಡಿದ್ದರೆ ಅದರ ಹಿಂದೆ ಕರುಣೆ ಇರುತ್ತಿತ್ತು. ಆದ್ದರಿಂದ ದೇವರನ್ನು ಕರುಣಾಳು ಎನ್ನುತ್ತೇವೆ. ದೇವರ ಎದೆಯಲ್ಲಿ ಕರುಣೆ ಎಂಬ ಭಾವ ಉಕ್ಕಿತು ಎಂದಲ್ಲ. ಇನ್ನುಳಿದ ಗುಣಗಳು ನೋಡಲು ‘ಇದೆ’ ಎನ್ನುವಂತಿದ್ದರೂ ಒಳಗೆ ‘ಇಲ್ಲ’ ಎನ್ನುತ್ತವೆ. ಶಕ್ತ ಎಂದರೆ ದುರ್ಬಲನಲ್ಲ. ಜ್ಞಾನಿ ಎಂದರೆ ಅಜ್ಞಾನಿಯಲ್ಲ.

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ, ಬರೀ ‘ಅಲ್ಲ’ಗಳಿಂದ ಏನು ತಿಳಿಯುತ್ತದೆ? ನೂರು ಸಲ ಅಲ್ಲ ಎಂದವನಿಗೂ ಒಂದು ಸಲ ಅಲ್ಲ ಎಂದವನಿಗೂ ಏನು ವ್ಯತ್ಯಾಸ? ಈ ಪ್ರಶ್ನೆಗೆ ಅವನು ಕೊಡುವ ಉತ್ತರ ಒಂದು ಹಡಗು.

‘ಹಡಗು’ ಎಂಬುದೊಂದು ಇದೆ ಎಂದು ಒಬ್ಬನಿಗೆ ಗೊತ್ತಿದೆ ಎಂದುಕೊಳ್ಳಿ. ಅದು ಏನು ಎಂದು ಗೊತ್ತಿಲ್ಲ. ಅದೊಂದು ವಸ್ತುವೋ, ಅಥವಾ ಬಣ್ಣದ ಹಾಗೆ ಇನ್ನೊಂದರ ಮೇಲೆ ಇರುವ ಗುಣವೋ ಎಂಬುದೂ ಗೊತ್ತಿಲ್ಲ. ಎರಡನೆಯವನು ಅದು ಗುಣವಲ್ಲ ಎಂದು ಕಂಡುಕೊಳ್ಳುತ್ತಾನೆ. ಮೂರನೆಯವನು ಅದು ಖನಿಜವಲ್ಲ ಎಂದು ತಿಳಿಯುತ್ತಾನೆ. ನಾಲ್ಕನೆಯವನು ಪ್ರಾಣಿಯಲ್ಲ ಎಂದು, ಐದನೆಯವನು ನೆಲದಲ್ಲಿ ಬೇರು ಬಿಟ್ಟ ಗಿಡವಲ್ಲ ಎಂದು. ಆರನೆಯವನಿಗೆ ಅದು ಪ್ರಕೃತಿಯಲ್ಲಿ ಹಾಗೇ ಸಿಗುವ ಒಂದೇ ತುಂಡು ಅಲ್ಲ ಎಂದು ಗೊತ್ತಾಗುತ್ತದೆ. ಮುಂದಿನವರು ಆಕಾರಕ್ಕೆ ಬರುತ್ತಾರೆ: ಹಲಗೆ, ಬಾಗಿಲುಗಳ ಹಾಗೆ ಚಪ್ಪಟೆಯಲ್ಲ, ಗೋಳವಲ್ಲ, ಶಂಕುವಿನಂತಿಲ್ಲ. ಕೊನೆಯವನು ಅದು ಒಳಗೆಲ್ಲಾ ತುಂಬಿಕೊಂಡ ಗಟ್ಟಿ ವಸ್ತುವಲ್ಲ ಎಂದು ಹೇಳುತ್ತಾನೆ. ಇಷ್ಟು ಹೊತ್ತಿಗೆ ಅವನ ಕೈಗೆ ಹೆಚ್ಚುಕಡಿಮೆ ಹಡಗೇ ಸಿಕ್ಕಿದೆ: ಮರದ ತುಂಡುಗಳನ್ನು ಜೋಡಿಸಿ ಮಾಡಿದ, ಉದ್ದನೆಯ, ಒಳಗೆ ಟೊಳ್ಳಾದ ವಸ್ತು. ‘ಹೌದು’ ಎಂಬ ಮಾತು ಒಂದು ಸಲವೂ ಬರಲಿಲ್ಲ. ಆದರೂ ಮೊದಲನೆಯವನಿಗೂ ಕೊನೆಯವನಿಗೂ ಎಷ್ಟು ಅಂತರ ನೋಡಿ.

ಇದರಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ಷರತ್ತಿದೆ. ಒಂದೊಂದು ‘ಅಲ್ಲ’ವನ್ನೂ ಕಂಡುಕೊಳ್ಳಬೇಕು. ಬಾಯಲ್ಲಿ ಹೇಳಿದರೆ ಸಾಲದು, ಅದು ಯಾಕೆ ಅಸಾಧ್ಯ ಎಂದು ಸಾಬೀತು ಮಾಡಿಕೊಳ್ಳಬೇಕು. ಒಬ್ಬ ಮನುಷ್ಯ ವರ್ಷಗಟ್ಟಲೆ ಒಂದು ಶಾಸ್ತ್ರವನ್ನು ಓದಿ, ಕೊನೆಗೆ ಅದರಿಂದ ಪಡೆಯುವ ಫಲ ದೇವರ ಬಗ್ಗೆ ಒಂದೇ ಒಂದು ‘ಅಲ್ಲ’ ಆಗಿರಬಹುದು ಎನ್ನುತ್ತಾನೆ ಮೈಮೊನಿಡೀಸ್. ದೇವರಿಗೆ ಮೈ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಿದ ಮರುಕ್ಷಣವೇ ಅವನು ಮೇಲಿದ್ದಾನೆ, ನೋಡುತ್ತಿದ್ದಾನೆ, ಹತ್ತಿರ ಬಂದ ಎಂದೂ ಹೇಳುತ್ತಾರೆ. ಮಾತು ನಿರಾಕರಿಸಿತು, ಕಲ್ಪನೆ ನಿರಾಕರಿಸಲಿಲ್ಲ. ಹಾಗಾಗಿ ಅವನ ಪ್ರಕಾರ ನಿರಾಕರಣೆಯ ದಾರಿ ಗಣಿತ, ತರ್ಕ, ಖಗೋಳ ಎಲ್ಲವನ್ನೂ ಹಾದುಹೋಗುವ ಉದ್ದನೆಯ ಓದು. ‘ನನಗೇನೂ ಗೊತ್ತಿಲ್ಲ’ ಎಂದು ಕೈಚೆಲ್ಲುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಗುಣಗಳನ್ನು ಹಚ್ಚುವವನ ಗತಿ ಏನು? ಅದಕ್ಕೆ ಅವನು ಆನೆಯ ಉದಾಹರಣೆ ಕೊಡುತ್ತಾನೆ. ಆನೆ ಎಂಬ ಪ್ರಾಣಿ ಇದೆ ಎಂದು ಕೇಳಿದವನಿಗೆ ಯಾರೋ ಹೇಳಿದರು: ಅದಕ್ಕೆ ಒಂದು ಕಾಲು, ಮೂರು ರೆಕ್ಕೆ, ಸಮುದ್ರದ ಆಳದಲ್ಲಿ ವಾಸ, ಮೈ ಪಾರದರ್ಶಕ, ಮುಖ ಮನುಷ್ಯನದು. ಇದನ್ನು ನಂಬಿದವನಿಗೆ ಆನೆಯ ಬಗ್ಗೆ ಸ್ವಲ್ಪ ಗೊತ್ತು, ಸ್ವಲ್ಪ ತಪ್ಪು ಗೊತ್ತು ಎನ್ನಲಾಗದು. ಅವನು ನಂಬಿದ್ದು ಎಲ್ಲೂ ಇಲ್ಲದ ಒಂದು ಪ್ರಾಣಿಯನ್ನು. ಅದಕ್ಕೆ ಆನೆ ಎಂಬ ಹೆಸರಿಟ್ಟುಕೊಂಡಿದ್ದಾನೆ, ಅಷ್ಟೇ. ಭಕ್ತನಿಗೆ ಇದಕ್ಕಿಂತ ಕಠಿಣವಾದ ಮಾತು ಇನ್ನೇನಿದೆ? ದೇವರಿಗೆ ಗುಣಗಳನ್ನು ಸೇರಿಸಿದವನು ದೇವರ ಮೇಲಿನ ನಂಬಿಕೆಯನ್ನೇ ತನಗೆ ತಿಳಿಯದ ಹಾಗೆ ಕಳೆದುಕೊಂಡಿದ್ದಾನೆ ಎಂದು ಅವನು ನೇರವಾಗಿ ಬರೆದಿದ್ದಾನೆ.

ಆದರೆ ಹಡಗಿನ ಉದಾಹರಣೆಯಲ್ಲಿ ಒಂದು ತೊಡಕಿದೆ. ಅದು ಕೆಲಸ ಮಾಡುವುದು ಹಡಗು ಹಡಗಾಗಿರುವುದರಿಂದ. ಲೋಕದ ವಸ್ತುಗಳನ್ನು ಗುಂಪು ಮಾಡಿದರೆ ಖನಿಜ, ಗಿಡ, ಪ್ರಾಣಿ, ಮನುಷ್ಯ ಮಾಡಿದ ವಸ್ತು ಎಂದು ಕೆಲವೇ ಗುಂಪುಗಳು. ಒಂದೊಂದನ್ನೇ ಹೊಡೆದುಹಾಕಿದರೆ ಉಳಿದ ಗುಂಪಿನಲ್ಲಿ ಹಡಗು ಇರಲೇಬೇಕು. ದೇವರು ಯಾವ ಗುಂಪಿಗೂ ಸೇರದವನು ಎಂದೇ ಅಲ್ವಾ ವಾದ? ಎಲ್ಲವನ್ನೂ ಹೊಡೆದುಹಾಕಿದ ಮೇಲೆ ಉಳಿಯುವ ಗುಂಪೇ ಇಲ್ಲ. ಹಡಗಿನ ಕೊನೆಯವನಿಗೆ ಒಂದು ಚಿತ್ರ ಸಿಕ್ಕಿತು. ದೇವರ ವಿಷಯದಲ್ಲಿ ಚಿತ್ರ ಸಿಕ್ಕಿತು ಎಂದರೆ ಎಲ್ಲೋ ದಾರಿ ತಪ್ಪಿತು ಎಂದೇ ಅರ್ಥ. ಉದಾಹರಣೆ ಪ್ರಗತಿಯನ್ನು ಚೆನ್ನಾಗಿ ತೋರಿಸುತ್ತದೆ. ಗುರಿಯ ವಿಷಯದಲ್ಲಿ ಮಾತ್ರ ಕೈಕೊಡುತ್ತದೆ.

ಮೈಮೊನಿಡೀಸ್ ಇದಕ್ಕೆ ಪೂರ್ತಿ ಕುರುಡನಾಗಿರಲಿಲ್ಲ. ‘ಅಲ್ಲ’ಗಳಲ್ಲಿಯೂ ಜಾತಿ ಇದೆ ಎಂದು ಅವನು ಎಚ್ಚರಿಸುತ್ತಾನೆ. ಒಬ್ಬ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎಂದರೆ ಕಾಣಬೇಕಿದ್ದದ್ದು ಕಾಣುತ್ತಿಲ್ಲ ಎಂದರ್ಥ. ಅದೊಂದು ಕೊರತೆ. ಗೋಡೆಗೆ ಕಣ್ಣು ಕಾಣುವುದಿಲ್ಲ ಎಂದರೆ ಅದು ಕೊರತೆಯಲ್ಲ. ನೋಡುವುದು, ನೋಡದಿರುವುದು ಎಂಬ ಲೆಕ್ಕವೇ ಗೋಡೆಗೆ ಅನ್ವಯಿಸುವುದಿಲ್ಲ. ದೇವರ ಬಗ್ಗೆ ಹೇಳುವ ‘ಅಲ್ಲ’ ಈ ಎರಡನೆಯ ಬಗೆಯದ್ದಾಗಿರಬೇಕು. ದೇವರು ದುರ್ಬಲನಲ್ಲ ಎಂದಾಗ ಬಲ–ದುರ್ಬಲ ಎಂಬ ತಕ್ಕಡಿಯಲ್ಲಿ ಬಲದ ಕಡೆಗೆ ಅವನನ್ನು ಇಡುತ್ತಿಲ್ಲ. ಆ ತಕ್ಕಡಿಯನ್ನೇ ಪಕ್ಕಕ್ಕೆ ಸರಿಸುತ್ತಿದ್ದೇವೆ.

ಇದೇ ಅಂಶವನ್ನು ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಇನ್ನೊಬ್ಬ ಇನ್ನಷ್ಟು ಬಿಗಿಯಾಗಿ ಹಿಡಿದಿದ್ದ. ಅಬೂ ಯಾಕೂಬ್ ಅಲ್-ಸಿಜಿಸ್ತಾನಿ. ಹತ್ತನೆಯ ಶತಮಾನದ, ಷಿಯಾ ಪಂಗಡದ ಇಸ್ಮಾಯಿಲಿ ಶಾಖೆಯ ಮುಸ್ಲಿಂ ಚಿಂತಕ. ಅನುಭಾವಿ ಎನ್ನುವುದಕ್ಕಿಂತ ತಾರ್ಕಿಕ ಎನ್ನಬಹುದು. ಆದರೂ ಈ ದಾರಿಯ ಚರ್ಚೆಯಲ್ಲಿ ಅವನ ಹೆಸರು ಇಷ್ಟು ಕಡಿಮೆ ಕೇಳಿಬರುವುದು ನನಗೆ ಅನ್ಯಾಯ ಅನಿಸುತ್ತದೆ.

ಆ ಕಾಲದ ಇಸ್ಲಾಮಿನಲ್ಲಿ ಎರಡು ಅಪಾಯಗಳ ಬಗ್ಗೆ ಭಾರೀ ಜಗಳವಿತ್ತು. ಒಂದು, ದೇವರನ್ನು ಸೃಷ್ಟಿಗೆ ಹೋಲಿಸುವುದು. ಇನ್ನೊಂದು, ದೇವರಿಂದ ಎಲ್ಲವನ್ನೂ ಕಿತ್ತುಹಾಕಿ ಖಾಲಿ ಮಾಡುವುದು. ಮೊದಲನೆಯದಕ್ಕೆ ಹೆದರಿದವರು ದೇವರಿಗೆ ಮೈ ಇಲ್ಲ, ಜಾಗ ಇಲ್ಲ, ಆಕಾರ ಇಲ್ಲ ಎಂದರು. ಸಿಜಿಸ್ತಾನಿ ಅವರನ್ನು ಕೇಳುತ್ತಾನೆ: ಮೈ ಇಲ್ಲದ್ದು ದೇವರೊಬ್ಬನೇ ಏನು? ಆತ್ಮಕ್ಕೂ ಮೈ ಇಲ್ಲ. ಬುದ್ಧಿಗೂ ಮೈ ಇಲ್ಲ. ನೀವು ದೇವರನ್ನು ಮೈ ಇರುವವುಗಳ ಸಾಲಿನಿಂದ ಎಬ್ಬಿಸಿ ಮೈ ಇಲ್ಲದವುಗಳ ಸಾಲಿನಲ್ಲಿ ಕೂರಿಸಿದಿರಿ. ಹೋಲಿಕೆ ತಪ್ಪಲಿಲ್ಲ, ಯಾರಿಗೆ ಹೋಲಿಕೆ ಎಂಬುದು ಬದಲಾಯಿತು ಅಷ್ಟೇ.

ಅದಕ್ಕೆ ಅವನ ಪರಿಹಾರ ಎರಡು ಹೆಜ್ಜೆಯದು. ದೇವರು ವಸ್ತುವಲ್ಲ. ದೇವರು ವಸ್ತುವಲ್ಲದ್ದೂ ಅಲ್ಲ. ಜಾಗದಲ್ಲಿಲ್ಲ, ಜಾಗದಲ್ಲಿಲ್ಲ ಎಂಬುದೂ ಅಲ್ಲ. ಶಾಲೆಯ ಲೆಕ್ಕದಲ್ಲಿ ಎರಡು ‘ಅಲ್ಲ’ ಸೇರಿದರೆ ಒಂದು ‘ಹೌದು’ ಆಗಬೇಕು. ಇಲ್ಲಿ ಹಾಗಾಗುವುದಿಲ್ಲ. ಮೊದಲ ‘ಅಲ್ಲ’ ವಸ್ತುಗಳ ಸಾಲಿನಿಂದ ಹೊರಗೆ ತೆಗೆಯುತ್ತದೆ. ಎರಡನೆಯದು ವಸ್ತುವಲ್ಲದವುಗಳ ಸಾಲಿನಿಂದ ಹೊರಗೆ ತೆಗೆಯುತ್ತದೆ. ಎರಡು ಸಾಲುಗಳೂ ಸೃಷ್ಟಿಯ ಒಳಗೇ ಇವೆ ಎಂಬುದು ಅವನ ವಾದ. ಗೋಡೆಯ ಉದಾಹರಣೆಯಲ್ಲಿ ಇದನ್ನು ಸುಲಭವಾಗಿ ನೋಡಬಹುದು: ಗೋಡೆ ಕಣ್ಣಿರುವವರ ಸಾಲಿನಲ್ಲೂ ಇಲ್ಲ, ಕುರುಡರ ಸಾಲಿನಲ್ಲೂ ಇಲ್ಲ. ಎರಡನ್ನೂ ಒಟ್ಟಿಗೆ ಹೇಳಿದರೆ ವಿರೋಧವೇನೂ ಇಲ್ಲ.

ಈ ಎರಡನೆಯ ‘ಅಲ್ಲ’ವೇ ಈ ದಾರಿಯ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ‘ದೇವರು ಇಲ್ಲ’ ಎನ್ನುವವನಿಗೂ ‘ದೇವರು ಯಾವ ವಸ್ತುವೂ ಅಲ್ಲ’ ಎನ್ನುವವನಿಗೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಮೊದಲ ಹೆಜ್ಜೆಯಲ್ಲಿ ನಿಂತುಬಿಟ್ಟರೆ ವ್ಯತ್ಯಾಸ ಹೇಳುವುದು ನಿಜಕ್ಕೂ ಕಷ್ಟ. ಸಿಜಿಸ್ತಾನಿಯ ಎರಡನೆಯ ಹೆಜ್ಜೆ ಇರುವುದೇ ಅದಕ್ಕಾಗಿ. ಎರಡನೆಯ ಹೆಜ್ಜೆ ಇಟ್ಟ ಮೇಲೆ ಉಳಿಯುವುದು ಏನು ಎಂದು ಕೇಳಿದರೆ ಅವನ ಬಳಿಯೂ ಉತ್ತರವಿಲ್ಲ. ಉತ್ತರ ಇದ್ದಿದ್ದರೆ ಮೂರನೆಯ ‘ಅಲ್ಲ’ ಬೇಕಾಗುತ್ತಿತ್ತು.

ಕ್ರೈಸ್ತರಲ್ಲಿ ಈ ದಾರಿಗೆ ಮೂಲಪುರುಷನಂತಿರುವವನ ನಿಜವಾದ ಹೆಸರೇ ನಮಗೆ ಗೊತ್ತಿಲ್ಲ. ಸುಮಾರು ಐದನೆಯ ಶತಮಾನದ ಕೊನೆಗೆ ಅಥವಾ ಆರನೆಯದರ ಆರಂಭದಲ್ಲಿ, ಬಹುಶಃ ಸಿರಿಯಾದಲ್ಲಿ, ಗ್ರೀಕ್‌ನಲ್ಲಿ ಬರೆದವನು. ಅಥೆನ್ಸ್‌ನಲ್ಲಿ ಸಂತ ಪೌಲನ ಮಾತು ಕೇಳಿ ಕ್ರೈಸ್ತನಾದ ಡಯೊನೀಷಿಯಸ್ ನಾನೇ ಎಂದು ಬರೆದುಕೊಂಡ. ಸಾವಿರ ವರ್ಷದಷ್ಟು ಕಾಲ ಬಹುತೇಕರು ನಂಬಿದರು. ದೇವರಿಗೆ ಹೆಸರಿಲ್ಲ ಎಂದು ಹೇಳಿದವನು ತನ್ನ ಹೆಸರನ್ನೂ ಮುಚ್ಚಿಟ್ಟ ಎಂಬ ತಮಾಷೆಯನ್ನು ವಿದ್ವಾಂಸರೂ ಬಿಟ್ಟಿಲ್ಲ.

ಅವನ ಅನುಭಾವದ ಪುಸ್ತಕ ಐದೇ ಅಧ್ಯಾಯ. ಕೆಲವೇ ಪುಟ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕ್ರಮ. ದೇವರ ಬಗ್ಗೆ ‘ಹೌದು’ ಎನ್ನುವಾಗ ಮೇಲಿನಿಂದ ಶುರುಮಾಡಬೇಕು, ದೇವರಿಗೆ ಅತಿ ಹತ್ತಿರವಾದದ್ದರಿಂದ. ಗಾಳಿ, ಕಲ್ಲು ಎನ್ನುವುದಕ್ಕಿಂತ ಮೊದಲು ಜೀವ, ಒಳ್ಳೆಯತನ ಎನ್ನಬೇಕು. ‘ಅಲ್ಲ’ ಎನ್ನುವಾಗ ಕೆಳಗಿನಿಂದ ಶುರು. ದೇವರು ಕುಡಿದು ಮತ್ತನಾಗುವುದಿಲ್ಲ, ಸಿಟ್ಟಿಗೇಳುವುದಿಲ್ಲ ಎನ್ನುವುದು ಮೊದಲು. ದೇವರು ಮಾತಿಗೆ ಸಿಗುವುದಿಲ್ಲ, ಯೋಚನೆಗೆ ಸಿಗುವುದಿಲ್ಲ ಎನ್ನುವುದು ಆಮೇಲೆ. ಯಾಕೆಂದರೆ ಮೊದಲನೆಯದು ಎಲ್ಲರಿಗೂ ಒಪ್ಪಿಗೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದಂತೆ ‘ಅಲ್ಲ’ ಎನ್ನುವುದು ನೋಯಲು ಶುರುವಾಗುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಇಂದ್ರಿಯಕ್ಕೆ ಸಿಗುವುದೆಲ್ಲ ಹೋಗುತ್ತದೆ: ಮೈ, ಆಕಾರ, ತೂಕ, ಜಾಗ. ಐದನೆಯದರಲ್ಲಿ ಬುದ್ಧಿಗೆ ಸಿಗುವುದೆಲ್ಲ ಹೋಗುತ್ತದೆ: ಆತ್ಮವಲ್ಲ, ಮನಸ್ಸಲ್ಲ, ಜೀವವಲ್ಲ, ಸತ್ಯವಲ್ಲ, ಒಂದೂ ಅಲ್ಲ, ಒಳ್ಳೆಯತನವೂ ಅಲ್ಲ. ತಂದೆತನ, ಮಗತನಗಳನ್ನೂ ಅವನು ಬಿಡುವುದಿಲ್ಲ. ಕ್ರೈಸ್ತನೊಬ್ಬ ಅದನ್ನು ಬರೆಯುವಾಗ ಕೈ ನಡುಗಿರಬೇಕು. ಕತ್ತಲೆಯಲ್ಲ, ಬೆಳಕಲ್ಲ. ಕೊನೆಗೆ, ದೇವರು ಹೌದು ಎನ್ನುವುದನ್ನೂ ಮೀರಿದವನು, ಅಲ್ಲ ಎನ್ನುವುದನ್ನೂ ಮೀರಿದವನು ಎಂದು ಪುಸ್ತಕ ನಿಲ್ಲುತ್ತದೆ. ಸಿಜಿಸ್ತಾನಿ ಪ್ರತಿ ಹೆಜ್ಜೆಯಲ್ಲೂ ಇಡುವ ಎರಡನೆಯ ‘ಅಲ್ಲ’ವನ್ನು ಇವನು ಕೊನೆಯ ಮೆಟ್ಟಿಲಿಗೆ ಉಳಿಸಿಕೊಂಡಿದ್ದಾನೆ.

ಇದೇ ಲೇಖಕ ದೇವದೂತರ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೊಂದು ವಿಚಿತ್ರವಾದ ಮಾತು ಹೇಳುತ್ತಾನೆ. ಧರ್ಮಗ್ರಂಥಗಳು ದಿವ್ಯವಾದದ್ದನ್ನು ಬಂಗಾರ, ಹೊಳೆಯುವ ಬೆಳಕು, ಸುಂದರ ಪುರುಷ ಎಂದೆಲ್ಲ ತೋರಿಸುತ್ತವೆ. ಸಿಂಹ, ಕರಡಿ, ಕೊನೆಗೆ ಹುಳು ಎಂದೂ ಹೇಳುತ್ತವೆ. ಯಾವುದು ಮೇಲು? ಹುಳು ಮೇಲು ಎನ್ನುತ್ತಾನೆ. ದೇವರನ್ನು ಬಂಗಾರದ ಪುರುಷ ಎಂದರೆ ನಂಬಿಬಿಡುವವರು ಬೇಕಾದಷ್ಟು ಜನ. ದೇವರನ್ನು ಹುಳು ಎಂದರೆ ಯಾರೂ ಅದನ್ನೇ ಹಿಡಿದು ಕೂರುವುದಿಲ್ಲ. ಆ ಚಿತ್ರದ ಕುರೂಪವೇ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಒಳ್ಳೆಯ ಮಾತುಗಳೇ ಹೆಚ್ಚು ಅಪಾಯಕಾರಿ ಎಂಬ ಈ ಒಳನೋಟ ಹನೀನಾರ ಬೆಳ್ಳಿ ನಾಣ್ಯದ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಇದಕ್ಕೆ ಎದುರಾದ ಅತ್ಯಂತ ಗಟ್ಟಿ ಆಕ್ಷೇಪವನ್ನೂ ಹೇಳಬೇಕು. ಅದನ್ನು ಎತ್ತಿದವನು ಹದಿಮೂರನೆಯ ಶತಮಾನದ ಕ್ರೈಸ್ತ ಪಂಡಿತ ತೋಮಾಸ್ ಅಕ್ವಿನಾಸ್. ಡಯೊನೀಷಿಯಸ್‌ನನ್ನು ಗೌರವದಿಂದ ಮತ್ತೆ ಮತ್ತೆ ಉಲ್ಲೇಖಿಸುವವನು. ಮೈಮೊನಿಡೀಸ್‌ನನ್ನು ‘ರಬ್ಬಿ ಮೋಶೆ’ ಎಂದು ಹೆಸರಿಸಿಯೇ ಪ್ರಶ್ನಿಸುತ್ತಾನೆ. ದೇವರು ಒಳ್ಳೆಯವನು ಎಂದರೆ ಒಳ್ಳೆಯದಕ್ಕೆ ಅವನು ಕಾರಣ ಎಂದಷ್ಟೇ ಅರ್ಥ ಎನ್ನುವುದಾದರೆ, ಅವನು ಮೈಗಳಿಗೂ ಕಾರಣ ಅಲ್ವಾ? ಹಾಗಿದ್ದರೆ ‘ದೇವರು ಒಳ್ಳೆಯವನು’ ಎನ್ನುವಷ್ಟೇ ಸಲೀಸಾಗಿ ‘ದೇವರು ಒಂದು ಮೈ’ ಎಂದೂ ಯಾಕೆ ಹೇಳಬಾರದು? ನಾವು ಕೆಲವು ಹೆಸರುಗಳನ್ನು ಆರಿಸುತ್ತೇವೆ, ಕೆಲವನ್ನು ಬಿಡುತ್ತೇವೆ. ಬರೀ ನಿರಾಕರಣೆಯ ಲೆಕ್ಕದಲ್ಲಿ ಈ ಆಯ್ಕೆಗೆ ಕಾರಣ ಸಿಗುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ‘ದೇವರು ಜೀವಂತ’ ಎಂದು ಹೇಳುವ ಭಕ್ತನ ಮನಸ್ಸಿನಲ್ಲಿ ಇರುವುದು ‘ದೇವರು ಕಲ್ಲಿನ ಹಾಗೆ ನಿರ್ಜೀವ ಅಲ್ಲ’ ಎಂಬುದಷ್ಟೇ ಅಲ್ಲ. ಅವನು ಅದಕ್ಕಿಂತ ಜಾಸ್ತಿ ಏನನ್ನೋ ಹೇಳುತ್ತಿದ್ದಾನೆ.

ನನ್ನ ಪ್ರಕಾರ ಈ ಏಟು ಮೈಮೊನಿಡೀಸ್‌ಗೆ ತಗುಲುತ್ತದೆ. ‘ದುರ್ಬಲನಲ್ಲ’ ಎನ್ನುತ್ತಾನೆ, ‘ಬಲಶಾಲಿಯಲ್ಲ’ ಎಂದು ಮಾತ್ರ ಎದೆತಟ್ಟಿ ಹೇಳುವುದಿಲ್ಲ. ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದ್ದು ನಿಜವಾದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಿತ್ತು. ಸಿಜಿಸ್ತಾನಿ ಹೇಳುತ್ತಾನೆ. ಮೈಮೊನಿಡೀಸ್‌ನ ಕೈ ತಿಳಿದೋ ತಿಳಿಯದೆಯೋ ತಕ್ಕಡಿಯ ಒಂದು ತಟ್ಟೆಯನ್ನು ಒತ್ತುತ್ತಿದೆ. ಅವನ ನಿರಾಕರಣೆಯ ಅಡಿಯಲ್ಲಿ ಒಂದು ಹೊಗಳಿಕೆ ಉಳಿದುಕೊಂಡಿದೆ. ಇದು ಈ ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ಎಡವಟ್ಟು, ಗುರುತಿಸುವುದೂ ಸುಲಭ. ಯಾರಾದರೂ ದೇವರ ಬಗ್ಗೆ ‘ಅಲ್ಲ’ಗಳ ಪಟ್ಟಿ ಕೊಟ್ಟರೆ ಒಮ್ಮೆ ನೋಡಿ. ನಾಶವಿಲ್ಲ, ಮಿತಿಯಿಲ್ಲ, ದೋಷವಿಲ್ಲ, ಬದಲಾವಣೆಯಿಲ್ಲ. ಎಲ್ಲವೂ ಕೆಟ್ಟದ್ದರ ನಿರಾಕರಣೆ. ಒಳ್ಳೆಯತನವಿಲ್ಲ, ಜ್ಞಾನವಿಲ್ಲ ಎಂಬುದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಸ್ತೋತ್ರವೇ. ವೇಷ ಮಾತ್ರ ನಿರಾಕರಣೆಯದು.

ಯಾವುದನ್ನು ನಿರಾಕರಿಸುತ್ತಿದ್ದೇವೆ ಎಂಬುದರ ಮೇಲೆ ಎಷ್ಟು ಅವಲಂಬಿಸಿದೆ ಎಂದು ತಿಳಿಯಲು ಉಪನಿಷತ್ತಿನ ‘ನೇತಿ ನೇತಿ’ಗಿಂತ ಒಳ್ಳೆಯ ಉದಾಹರಣೆ ಸಿಗದು. ಬೃಹದಾರಣ್ಯಕದ ಎರಡನೆಯ ಅಧ್ಯಾಯದಲ್ಲಿ ಅದು ಮೊದಲು ಬರುವ ಜಾಗ ನೋಡಿ. ಬ್ರಹ್ಮಕ್ಕೆ ಎರಡು ರೂಪ, ಆಕಾರವಿರುವುದು ಮತ್ತು ಆಕಾರವಿಲ್ಲದ್ದು ಎಂದು ಶುರುವಾಗುತ್ತದೆ. ಅವೆರಡನ್ನೂ ವಿವರಿಸಿದ ಮೇಲೆ ಉಪದೇಶ ಬರುತ್ತದೆ: ಹೀಗಲ್ಲ, ಹೀಗಲ್ಲ. ಗಮನಿಸಿ, ಆಕಾರವಿಲ್ಲದ್ದು ಎಂಬುದೂ ಈ ‘ಅಲ್ಲ’ದ ಬಾಯಿಗೆ ಬೀಳುತ್ತದೆ. ನಿರಾಕಾರ ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಈಗ ಇದು ಏನನ್ನು ಅಲ್ಲ ಎನ್ನುತ್ತದೆ? ಶಂಕರರ ಪ್ರಕಾರ ಆ ಎರಡು ರೂಪಗಳನ್ನೇ ಅಲ್ಲ ಎನ್ನುತ್ತದೆ. ಬ್ರಹ್ಮವನ್ನಲ್ಲ, ಬ್ರಹ್ಮದ ಮೇಲೆ ಹಾಕಿದ ಎಲ್ಲ ಗುಣಗಳನ್ನು. ಎರಡು ಸಲ ಹೇಳಿದ್ದು ಯಾವುದೂ ತಪ್ಪಿಸಿಕೊಳ್ಳದಿರಲಿ ಎಂದು. ರಾಮಾನುಜರು ಇದನ್ನು ಒಪ್ಪುವುದಿಲ್ಲ. ಉಪನಿಷತ್ತು ತಾನೇ ಎರಡು ರೂಪಗಳನ್ನು ಹೇಳಿ, ತಾನೇ ಅವನ್ನು ಸುಳ್ಳು ಎನ್ನುವುದಾದರೆ ಹೇಳಿದ್ದಾದರೂ ಯಾಕೆ? ಅಲ್ಲ ಎಂದದ್ದು ಗುಣಗಳನ್ನಲ್ಲ, ‘ಇಷ್ಟೇ’ ಎಂಬುದನ್ನು. ಬ್ರಹ್ಮ ಇಷ್ಟೇ ಅಲ್ಲ, ಇನ್ನೂ ಇದೆ. ಇದಕ್ಕೆ ಅವರು ಬ್ರಹ್ಮಸೂತ್ರದ ಬೆಂಬಲವನ್ನೂ ತರುತ್ತಾರೆ. ಅಲ್ಲಿ ನಿರಾಕರಿಸುವುದು ‘ಇಷ್ಟೇ’ ಎಂಬುದನ್ನು, ಆಮೇಲೆ ಇನ್ನೂ ಹೇಳುತ್ತದೆ ಎಂದೇ ಇದೆ. ಹಾಗೇ ಉಪನಿಷತ್ತು ನೇತಿ ನೇತಿಯ ನಂತರ ನಿಲ್ಲುವುದಿಲ್ಲ, ‘ಸತ್ಯದ ಸತ್ಯ’ ಎಂಬ ಹೆಸರು ಕೊಟ್ಟೇ ಮುಂದೆ ಹೋಗುತ್ತದೆ. ಶಂಕರರೂ ಅದೇ ಸೂತ್ರಕ್ಕೆ ಭಾಷ್ಯ ಬರೆದಿದ್ದಾರೆ, ಅದೇ ಹೆಸರನ್ನು ಬ್ರಹ್ಮ ಉಳಿಯುತ್ತದೆ ಎನ್ನಲು ಸಾಕ್ಷಿಯಾಗಿ ಬಳಸುತ್ತಾರೆ.

ಅಂದರೆ ಒಂದೇ ನಿರಾಕರಣೆಯಿಂದ ಒಬ್ಬರಿಗೆ ಗುಣವೇ ಇಲ್ಲದ ಬ್ರಹ್ಮ ಸಿಕ್ಕಿತು, ಇನ್ನೊಬ್ಬರಿಗೆ ಎಣಿಸಲಾಗದಷ್ಟು ಗುಣಗಳಿರುವ ನಾರಾಯಣ ಸಿಕ್ಕ. ನಿರಾಕರಣೆ ಎಂದರೆ ಎಲ್ಲ ಧರ್ಮದ ಅನುಭಾವಿಗಳು ಕೊನೆಗೆ ಸೇರುವ ಒಂದೇ ಬಯಲು ಎಂದು ಹೇಳುವವರ ಬಗ್ಗೆ ನನಗೆ ಅನುಮಾನ ಹುಟ್ಟುವುದು ಇಲ್ಲಿಯೇ. ಒಂದೇ ಗ್ರಂಥ, ಒಂದೇ ವಾಕ್ಯ, ಒಂದೇ ಸೂತ್ರ ಇಟ್ಟುಕೊಂಡವರೇ ಒಂದು ಕಡೆ ಸೇರಲಿಲ್ಲ.

ಇಷ್ಟಾದರೂ ಒಂದು ವಿಷಯದಲ್ಲಿ ಇವರಲ್ಲಿ ಬಹಳ ಜನ ಒಂದೇ ಥರ. ದೇವರ ‘ಬಗ್ಗೆ’ ಮಾತು ನಿಂತರೂ ದೇವರ ‘ಜೊತೆ’ ಮಾತು ನಿಲ್ಲುವುದಿಲ್ಲ. ಡಯೊನೀಷಿಯಸ್‌ನ ಆ ಚಿಕ್ಕ ಪುಸ್ತಕ ಶುರುವಾಗುವುದೇ ಒಂದು ಪ್ರಾರ್ಥನೆಯಿಂದ. ತ್ರಿಏಕ ದೇವರನ್ನು ಹೆಸರು ಹಿಡಿದು ಕರೆದು, ಕೊನೆಯ ಅಧ್ಯಾಯದಲ್ಲಿ ಆ ಹೆಸರುಗಳನ್ನೂ ಕಳಚುತ್ತಾನೆ. ಅಲ್ಲಮ ಬಯಲು ಎಂದರೂ ಶೂನ್ಯ ಎಂದರೂ ವಚನದ ಕೊನೆಗೆ ಗುಹೇಶ್ವರನನ್ನು ಕರೆಯುವುದನ್ನು ಬಿಡಲಿಲ್ಲ. ಹನೀನಾ ಕೂಡ ಆ ಮನುಷ್ಯನಿಗೆ ಪ್ರಾರ್ಥನೆ ನಿಲ್ಲಿಸು ಎನ್ನಲಿಲ್ಲ, ಮೂರು ಮಾತು ಸಾಕು ಎಂದರು. ಕರೆಯುವುದು ವರ್ಣಿಸುವುದಲ್ಲ ಎಂದು ಇದನ್ನು ಸಮರ್ಥಿಸಬಹುದು. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ‘ನೀನು’ ಎಂದ ಕೂಡಲೇ ಕೇಳಿಸಿಕೊಳ್ಳುವವನೊಬ್ಬ ಇದ್ದಾನೆ ಎಂದು ಒಪ್ಪಿದಂತಾಯಿತು. ಅದೂ ಒಂದು ಗುಣವೇ. ಅದನ್ನು ಅಲ್ಲ ಎನ್ನುವ ಧೈರ್ಯ ಇವರಲ್ಲಿ ಹೆಚ್ಚಿನವರು ಮಾಡಲಿಲ್ಲ.

ಅದರ ಸಮೀಪಕ್ಕೆ ಹೋದವನು ಜರ್ಮನಿಯ ಮೈಸ್ಟರ್ ಎಕ್‌ಹಾರ್ಟ್. ದೇವರಿಂದ ನನ್ನನ್ನು ಬಿಡುಗಡೆ ಮಾಡು ಎಂದು ದೇವರನ್ನೇ ಬೇಡುತ್ತೇವೆ ಎಂದು ಉಪದೇಶದಲ್ಲಿ ಹೇಳಿದ. ಅವನು ಡೊಮಿನಿಕನ್ ಪಂಥದ ಕ್ರೈಸ್ತ ಸಂನ್ಯಾಸಿ, ಪ್ಯಾರಿಸ್‌ನಲ್ಲಿ ಪಾಠ ಹೇಳಿದ ಪಂಡಿತ. ಮೈಮೊನಿಡೀಸ್‌ನನ್ನೂ ಚೆನ್ನಾಗಿ ಓದಿಕೊಂಡಿದ್ದ. ಅವನ ಮೇಲೆ ವಿಚಾರಣೆ ನಡೆಯಿತು, ತೀರ್ಪು ಬರುವ ಮೊದಲೇ ತೀರಿಕೊಂಡ. 1329ರ ಮಾರ್ಚ್ 27ರಂದು ಪೋಪ್ 22ನೆಯ ಜಾನ್ ಹೊರಡಿಸಿದ ಆಜ್ಞೆಯಲ್ಲಿ ಅವನದೆಂದು ಹೇಳಲಾದ 28 ಹೇಳಿಕೆಗಳ ಪಟ್ಟಿ ಇದೆ. ಕೊನೆಯದು ಹೀಗಿದೆ: ದೇವರು ಒಳ್ಳೆಯವನಲ್ಲ, ಹೆಚ್ಚು ಒಳ್ಳೆಯವನಲ್ಲ, ಎಲ್ಲಕ್ಕಿಂತ ಒಳ್ಳೆಯವನೂ ಅಲ್ಲ, ಅವನನ್ನು ಒಳ್ಳೆಯವನು ಎಂದು ಕರೆಯುವುದು ಬಿಳಿಯನ್ನು ಕಪ್ಪು ಎಂದಷ್ಟೇ ತಪ್ಪು. ಇದನ್ನು ಪಾಷಂಡದ, ಅಂದರೆ ಧರ್ಮವಿರೋಧಿ ಮಾತುಗಳ, ಗುಂಪಿಗೆ ಸೇರಿಸಲಾಯಿತು.

ದೇವರು ಒಳ್ಳೆಯತನವೂ ಅಲ್ಲ ಎಂದು ಡಯೊನೀಷಿಯಸ್ ಎಂಟು ಶತಮಾನ ಮೊದಲೇ ಬರೆದಿದ್ದ. ಅವನನ್ನು ಅದೇ ಚರ್ಚು ಸಂತನಂತೆ ಓದುತ್ತಿತ್ತು. ವ್ಯತ್ಯಾಸವೇನು? ಅವನ ಪುಸ್ತಕದಲ್ಲಿ ಆ ಮಾತು ಐದನೆಯ ಅಧ್ಯಾಯಕ್ಕೆ ಬರುತ್ತದೆ, ಕೆಳಗಿನ ಮೆಟ್ಟಿಲುಗಳನ್ನೆಲ್ಲ ಹತ್ತಿದ ಮೇಲೆ. ದೀಕ್ಷೆ ಇಲ್ಲದವರ ಕಿವಿಗೆ ಇದು ಬೀಳದಂತೆ ನೋಡಿಕೋ ಎಂದು ಮೊದಲ ಅಧ್ಯಾಯದಲ್ಲೇ ಎಚ್ಚರಿಕೆಯೂ ಇದೆ. ಎಕ್‌ಹಾರ್ಟ್ ತನ್ನ ಮಾತುಗಳನ್ನು ಜನರ ಜರ್ಮನ್ ಭಾಷೆಯಲ್ಲಿ ಎಲ್ಲರೆದುರು ಹೇಳಿದ. ಮುಗ್ಧ ಜನರ ಮುಂದೆ ಇಂಥದ್ದನ್ನು ಬೋಧಿಸಿದ ಎಂಬುದನ್ನು ಆಜ್ಞೆಯೇ ದೂರಾಗಿ ಬರೆದಿದೆ. ಪಟ್ಟಿ ಮಾಡಿದವರು ಇನ್ನೊಂದು ಕೆಲಸವನ್ನೂ ಮಾಡಿದರು. ಮೆಟ್ಟಿಲುಗಳನ್ನು ಬಿಟ್ಟು ಕೊನೆಯ ಮಾತನ್ನು ಮಾತ್ರ ಕಿತ್ತು ತಂದು, ಅದಕ್ಕೊಂದು ಸಂಖ್ಯೆ ಹಾಕಿ ಬಿಡಿಯಾಗಿ ಇಟ್ಟರು. ಹಾಗೆ ಇಟ್ಟರೆ ಡಯೊನೀಷಿಯಸ್‌ನ ಸಾಲೂ ಪಾಸಾಗುತ್ತಿರಲಿಲ್ಲ.